ಹಳೇ ವಿಜಿಎ ಪ್ರೊಜೆಕ್ಟರ್, ಹೊಸ ಕಂಪ್ಯೂಟರ್: ಆ್ಯಕ್ಟಿವ್ ತರಬೇಕಾ, ಪ್ಯಾಸಿವ್ ಸಾಕಾ?

ಫಿಸಿಕ್ಸ್ ಮೇಡಂ

ಸೆಮಿನಾರ್ ಹಾಲಿನ ಪ್ರೊಜೆಕ್ಟರಿಗೆ ವಿಜಿಎ ಬಿಟ್ಟರೆ ಬೇರೆ ಇನ್‌ಪುಟ್ ಇಲ್ಲ. 1024×768ರದ್ದು. ಛಾವಣಿಯೊಳಗಿಂದ 15 ಮೀಟರ್ ಕೇಬಲ್ ಇಳಿದಿದೆ. ಹೊಸ ಕಂಪ್ಯೂಟರಿನಲ್ಲಿ ಡಿಸ್‌ಪ್ಲೇ ಪೋರ್ಟ್ ಒಂದು, ಎಚ್‌ಡಿಎಂಐ ಒಂದು. ಎಚ್‌ಡಿಎಂಐಗೆ ಮಾನಿಟರ್ ಹೋಗಿದೆ. ಇದ್ದ ಡಿಪಿ-ಎಚ್‌ಡಿಎಂಐ ಅಡಾಪ್ಟರಿಗೆ ಎಚ್‌ಡಿಎಂಐ-ವಿಜಿಎ ಅಡಾಪ್ಟರ್ ಸಿಕ್ಕಿಸಿ ನೋಡಿದೆ. ಚಿತ್ರ ಬರುತ್ತೆ, ಆದರೆ ಆಗಾಗ ಪರದೆ ಕಪ್ಪಾಗಿ ಮತ್ತೆ ಬರುತ್ತೆ. ಅಂಗಡಿಯವರು ಆ್ಯಕ್ಟಿವ್ ಬೇಕಾ ಪ್ಯಾಸಿವ್ ಬೇಕಾ ಅಂತ ಕೇಳ್ತಿದ್ದಾರೆ. ಯಾವುದು ತರಲಿ?

ತಂತಿಚೀಲ

ಮೇಡಂ, ಡಿಪಿಯಿಂದ ನೇರ ವಿಜಿಎಗೆ ಹೋಗುವ ಒಂದೇ ಅಡಾಪ್ಟರ್ ತನ್ನಿ. ಅದರ ಮೇಲೆ ಆ್ಯಕ್ಟಿವ್ ಅಂತ ಬರೆದಿರಲಿ, ಬರೆಯದಿರಲಿ, ಒಳಗೆ ಚಿಪ್ ಇದ್ದೇ ಇರುತ್ತೆ. ಡಿಸ್‌ಪ್ಲೇ ಪೋರ್ಟಿನ ಯಾವ ಪಿನ್ನಿನಲ್ಲೂ ಅನಲಾಗ್ ಸಿಗ್ನಲ್ ಇಲ್ಲ. ಅಂಕಿಗಳನ್ನು ಕೆಂಪು, ಹಸಿರು, ನೀಲಿ ವೋಲ್ಟೇಜಾಗಿ ಮಾಡಿಕೊಡೋಕೆ ಯಾರಾದರೂ ಬೇಕಲ್ಲ? ವಿಜಿಎ ವಿಷಯದಲ್ಲಿ ಅಂಗಡಿಯವರ ಪ್ರಶ್ನೆಗೆ ಅರ್ಥವೇ ಇಲ್ಲ.

ಆ ಪ್ರಶ್ನೆಗೆ ಅರ್ಥ ಬರೋದು ಡಿಪಿಯಿಂದ ಎಚ್‌ಡಿಎಂಐಗೆ ಹೋಗುವಾಗ. ನಿಮ್ಮ ಡಿಪಿ ಕಿಂಡಿಯ ಪಕ್ಕದಲ್ಲಿ ಡಿಪಿ ಗುರುತಿನ ಜೊತೆ ಎರಡು ಪ್ಲಸ್ ಇದೆಯಾ ನೋಡಿ. ಇದ್ದರೆ ಆ ಪೋರ್ಟ್ ಎರಡು ಭಾಷೆ ಬಲ್ಲದು. ಪ್ಯಾಸಿವ್ ಅಡಾಪ್ಟರ್ ಸಿಕ್ಕಿಸಿದ ತಕ್ಷಣ 13ನೇ ಪಿನ್ನಿನಿಂದ ಕಂಪ್ಯೂಟರಿಗೆ ಸುಳಿವು ಸಿಗುತ್ತೆ, ಅದು ಡಿಪಿ ಭಾಷೆ ಬಿಟ್ಟು ಎಚ್‌ಡಿಎಂಐ ಭಾಷೆಯಲ್ಲೇ ಮಾತಾಡೋಕೆ ಶುರು ಮಾಡುತ್ತೆ. ಅಡಾಪ್ಟರ್ ಅನುವಾದ ಮಾಡಲ್ಲ, ವೋಲ್ಟೇಜ್ ಮಟ್ಟ ಹೊಂದಿಸುತ್ತೆ ಅಷ್ಟೇ. ಪ್ಲಸ್ ಗುರುತಿನ ಪೋರ್ಟಿಲ್ಲದಿದ್ದರೆ ಆ್ಯಕ್ಟಿವ್ ಬೇಕು, ಅದು ಡಿಪಿ ಸಿಗ್ನಲ್ಲನ್ನೇ ತೆಗೆದುಕೊಂಡು ತಾನೇ ಅನುವಾದ ಮಾಡುತ್ತೆ.

ನಿಮ್ಮ ಜೋಡಿಯಲ್ಲಿ ಪರದೆ ಕಪ್ಪಾಗೋದು ಬಹುಶಃ ಕರೆಂಟ್ ಸಾಲದೆ. ಎಚ್‌ಡಿಎಂಐಯ 5 ವೋಲ್ಟ್ ಪಿನ್ನಿನಲ್ಲಿ ಸಿಕ್ಕೇ ಸಿಗಬೇಕು ಅಂತ ನಿಯಮ ಹೇಳೋದು 55 ಮಿಲಿಆ್ಯಂಪ್ ಮಾತ್ರ. ವಿಜಿಎ ಮಾಡುವ ಚಿಪ್ಪಿಗೆ ಎಷ್ಟೋ ಸಲ ಅದು ಸಾಕಾಗಲ್ಲ. ಅದೂ ನಿಮ್ಮಲ್ಲಿ ಆ 5 ವೋಲ್ಟ್ ಹುಟ್ಟೋದು ಮೊದಲ ಅಡಾಪ್ಟರಿನ ಒಳಗೆ, ಡಿಪಿ ಕೊಡುವ 3.3 ವೋಲ್ಟನ್ನು ಏರಿಸಿ. ನೇರ ಡಿಪಿ-ವಿಜಿಎ ಅಡಾಪ್ಟರಾದರೆ ಡಿಪಿಯ 20ನೇ ಪಿನ್ನಿನಿಂದಲೇ 500 ಮಿಲಿಆ್ಯಂಪ್ ತನಕ ಎಳೆದುಕೊಳ್ಳಬಹುದು, ಈ ಸರ್ಕಸ್ ಇಲ್ಲ.

ಪ್ಲಗ್ ಪಾಯಿಂಟ್

ಆ್ಯಕ್ಟಿವ್ ಅಂದ್ರೆ ಪಕ್ಕದಲ್ಲಿ ಯುಎಸ್‌ಬಿ ಬಾಲ ಇರೋದು. ಬಾಲ ಇಲ್ಲದ್ದೆಲ್ಲ ಪ್ಯಾಸಿವ್, ಅದನ್ನ ತರಬೇಡಿ. ಹಾಗೆ ನೋಡಿದ್ರೆ ವಿಜಿಎಗೂ ಪ್ಯಾಸಿವ್ ಇದೆ. ಹಳೇ ಡಿವಿಐ ಕಾರ್ಡಿನ ಜೊತೆ ಬರ್ತಿತ್ತಲ್ಲ, ಬಿಳೀ ತುಂಡು, ಒಡೆದು ನೋಡಿದ್ರೆ ಒಳಗೆ ತಂತಿ ಬಿಟ್ಟು ಏನೂ ಇರ್ತಿರಲಿಲ್ಲ.

ತಂತಿಚೀಲ

ಡಿವಿಐ ಮಾತು ಸರಿ. ಡಿವಿಐ-ಐ ಅನ್ನೋದರಲ್ಲಿ ಅಡ್ಡಪಟ್ಟಿಯ ಸುತ್ತ ನಾಲ್ಕು ಪಿನ್ ಇದ್ದು ಅದರಲ್ಲಿ ಅನಲಾಗ್ ಬರುತ್ತಿತ್ತು, ತುಂಡು ಬರೀ ದಾರಿ ಬದಲಿಸುತ್ತಿತ್ತು. ಆ ನಾಲ್ಕು ಪಿನ್ ಇಲ್ಲದ ಡಿವಿಐ-ಡಿಗೆ ಅದೇ ತುಂಡು ತಂದರೂ ಏನೂ ಬರಲ್ಲ. ಬಾಲದ ಮಾತು ಮಾತ್ರ ತಪ್ಪು. ಬಾಲ ಇದ್ದರೆ ಹೊರಗಿನ ಕರೆಂಟ್ ಬೇಕು ಅಂತ ಗೊತ್ತಾಗುತ್ತೆ ಅಷ್ಟೇ. ಡಿಪಿ-ವಿಜಿಎ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ಬಾಲವಿಲ್ಲ, ಆದರೂ ಎಲ್ಲವೂ ಆ್ಯಕ್ಟಿವೇ.

ಕರಾವಳಿ ಕಂಪ್ಯೂಟರ್

ನಮ್ಮನೇಲೂ ಇದೇ ತೊಂದರೆ. ಹಳೇ ಸಿಪಿಯುಗೆ ವಿಜಿಎ ಮಾತ್ರ ಇದೆ, ಟಿವಿಗೆ ಎಚ್‌ಡಿಎಂಐ. ಮೇಡಂ ಹತ್ರ ಇರೋ ಎಚ್‌ಡಿಎಂಐ-ವಿಜಿಎ ಅಡಾಪ್ಟರನ್ನೇ ತಿರುಗಿಸಿ ಹಾಕಿದೆ, ಏನೂ ಬರಲಿಲ್ಲ. ಡಿಪಿ-ವಿಜಿಎ ತಂದ್ರೆ ಆಗುತ್ತಾ?

ತಂತಿಚೀಲ

ಆಗಲ್ಲ, ನಿಮ್ಮದು ಉಲ್ಟಾ ದಿಕ್ಕು. ಇವೆಲ್ಲ ಒಂದೇ ದಿಕ್ಕಿಗೆ ಹರಿಯುವಂಥವು. ನಿಮಗೆ ಬೇಕಾದ್ದು ವಿಜಿಎಯಿಂದ ಎಚ್‌ಡಿಎಂಐಗೆ ಅಂತಲೇ ಬರೆದಿರೋದು. ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿ ಬಾಲ ಇರುತ್ತೆ. ವಿಜಿಎಯಲ್ಲಿ ಸದ್ದು ಬರಲ್ಲವಾದ್ದರಿಂದ ಸ್ಪೀಕರ್ ಕಿಂಡಿಗೆ ಹಾಕೋ ಇನ್ನೊಂದು ತಂತಿಯೂ ಇರೋದು ನೋಡಿ ತಗೊಳ್ಳಿ.

ಫಿಸಿಕ್ಸ್ ಮೇಡಂ

ಡಿಪಿ-ವಿಜಿಎ ತಂದೆ. ಒಂದೂವರೆ ಮೀಟರಿನ ಗಿಡ್ಡ ಕೇಬಲ್ಲಿನಲ್ಲಿ ಮೇಜಿನ ಮೇಲೆ ಹಳೇ ಮಾನಿಟರಿಗೆ ಹಾಕಿದರೆ ಅರ್ಧ ಗಂಟೆ ಕಪ್ಪಾಗಲೇ ಇಲ್ಲ. ಛಾವಣಿಯ ಕೇಬಲ್ಲಿಗೆ ಹಾಕಿದರೆ ಮಾತ್ರ ವಿಂಡೋಸ್ `Generic Non-PnP Monitor` ಅಂತ ತೋರಿಸುತ್ತೆ, ಪಟ್ಟಿಯಲ್ಲಿ 800×600 ಮೇಲೆ ಹೋಗಲ್ಲ. ಅಕ್ಷರ ದಪ್ಪ ದಪ್ಪ.

ತಂತಿಚೀಲ

ಹಾಗಾದರೆ ಅಡಾಪ್ಟರ್ ಸರಿಯಾಗಿದೆ, ಕೇಬಲ್ಲಿನಲ್ಲಿ ಮಾತುಕತೆ ಕಟ್ಟಾಗಿದೆ. ಪ್ರೊಜೆಕ್ಟರ್ ತಾನು ಯಾರು, ಎಷ್ಟು ಅಳತೆಯವನು ಅಂತ 12 ಮತ್ತು 15ನೇ ಪಿನ್ನಿನಲ್ಲಿ ಹೇಳುತ್ತೆ. ಇದೇ ಇಡಿಐಡಿ. ಚಿತ್ರ ಬರೋದು 1, 2, 3ರಲ್ಲಿ, ಸಿಂಕ್ 13, 14ರಲ್ಲಿ. ಅಗ್ಗದ ಉದ್ದ ಕೇಬಲ್ಲುಗಳಲ್ಲಿ 12, 15ರ ತಂತಿ ಹಾಕೋದೇ ಇಲ್ಲ, ಚಿತ್ರ ಬರುತ್ತೆ ಅಂತ ಯಾರೂ ಗಮನಿಸಲ್ಲ.

ಎರಡೂ ತುದಿ ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಬಹುದು. ತುದಿಗಳು 15 ಮೀಟರ್ ದೂರ ಇರೋದರಿಂದ ಪ್ರೊಜೆಕ್ಟರ್ ತುದಿಯಲ್ಲಿ 12 ಮತ್ತು 5ನೇ ಪಿನ್ನನ್ನು ಒಂದು ತೆಳ್ಳನೆ ತಂತಿಯಿಂದ ಕೂಡಿಸಿ, ಕೆಳಗಿನ ತುದಿಯಲ್ಲಿ 12ಕ್ಕೂ 5ಕ್ಕೂ ಬೀಪ್ ಬರುತ್ತಾ ನೋಡಿ. ಆಮೇಲೆ 15ಕ್ಕೂ 5ಕ್ಕೂ ಹಾಗೇ. ಮೀಟರ್ ಸರಿಯಿದೆಯಾ ಅಂತ ತಿಳಿಯಲು ಮೊದಲು 13 ಮತ್ತು 5 ಕೂಡಿಸಿ ನೋಡಿ, ಚಿತ್ರ ಬರುತ್ತಿರೋದರಿಂದ ಅದು ಬೀಪ್ ಆಗಲೇಬೇಕು. ಪಿನ್ ಸಂಖ್ಯೆ ಕನೆಕ್ಟರಿನ ಮೂತಿಯಲ್ಲೇ ಸಣ್ಣದಾಗಿ ಒತ್ತಿರುತ್ತಾರೆ. ಟಾರ್ಚ್ ಹಿಡಿದು ಓದಿಯೇ ಮುಂದುವರಿಯಿರಿ, ಅಂದಾಜಿನ ಮೇಲೆ ಎಣಿಸಿದರೆ ಎಡ ಬಲ ಅದಲು ಬದಲಾಗುತ್ತೆ. 4, 11ನೇ ಪಿನ್ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಪ್ಲಗ್ ಪಾಯಿಂಟ್

ಮೇಡಂ ಅದಕ್ಕೆ ಮೊದಲು ಪ್ರೊಜೆಕ್ಟರ್ ಆನ್ ಮಾಡಿ, ಆಮೇಲೆ ಅಡಾಪ್ಟರ್ ಸಿಕ್ಕಿಸಿ ನೋಡಿ. ನಾನು ಕಂಡ ಹಾಗೆ ಅರ್ಧಕ್ಕರ್ಧ ಅಲ್ಲೇ ಸರಿ ಹೋಗುತ್ತೆ.

ಫಿಸಿಕ್ಸ್ ಮೇಡಂ

ಆನ್ ಮಾಡಿಯೇ ಸಿಕ್ಕಿಸಿದ್ದು, ಬದಲಾಗಲಿಲ್ಲ. ಮೀಟರಿನಲ್ಲಿ 13 ಬೀಪ್ ಬಂತು. 12 ಇಲ್ಲ, 15 ಇಲ್ಲ. ಛಾವಣಿ ಬಿಚ್ಚುವ ಮಾತಿಲ್ಲ.

ಪೆಂಗ್ವಿನ್ ಕಾಕಾ

ಬಿಚ್ಚದೆಯೇ ಆಗುತ್ತೆ. ವಿಂಡೋಸಿನಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿನಿಂದ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ಪ್ರೊಜೆಕ್ಟರನ್ನು ಆರಿಸಿ, ಅಡಾಪ್ಟರ್ ಪ್ರಾಪರ್ಟೀಸ್ ತೆರೆದು `List All Modes` ಒತ್ತಿ. ಅದರಲ್ಲಿ 1024×768, 60 ಹರ್ಟ್ಸ್ ಇದ್ದರೆ ಅದನ್ನೇ ಆರಿಸಿ. 75 ಹರ್ಟ್ಸ್ ಬೇಡ. 60ಕ್ಕೆ ಪಿಕ್ಸೆಲ್ ಕ್ಲಾಕ್ 65 ಮೆಗಾಹರ್ಟ್ಸ್, 75ಕ್ಕೆ 78.75. ಉದ್ದ ಕೇಬಲ್ಲಿನಲ್ಲಿ ಆ ಹೆಚ್ಚಿನ ವೇಗವೇ ಅಕ್ಷರದ ಪಕ್ಕ ನೆರಳು ಹಾಕಿಸುತ್ತೆ.

ಲಿನಕ್ಸಿನವರು ಎಕ್ಸ್ ಸೆಷನ್‌ನಲ್ಲಿ ಇದ್ದರೆ ಹೀಗೆ. ಪೋರ್ಟಿನ ಹೆಸರು ಬರೀ `xrandr` ಕೊಟ್ಟರೆ ಗೊತ್ತಾಗುತ್ತೆ.

```
xrandr --newmode xga60 65.00 1024 1048 1184 1344 768 771 777 806 -hsync -vsync
xrandr --addmode DP-1 xga60
xrandr --output DP-1 --mode xga60
```

ವೇಲ್ಯಾಂಡಿನಲ್ಲಿ ಇದು ನಡೆಯಲ್ಲ, ಬೂಟ್ ಸಾಲಿಗೆ `video=DP-1:1024x768@60` ಸೇರಿಸಬೇಕು. ಇನ್ನೊಂದು ಮಜಾ: ಇಂಟೆಲ್ ಗ್ರಾಫಿಕ್ಸಿನಲ್ಲಿ ಅದೇ ಡಿಪಿ ಕಿಂಡಿಗೆ ಪ್ಯಾಸಿವ್ ಎಚ್‌ಡಿಎಂಐ ಅಡಾಪ್ಟರ್ ಹಾಕಿದರೆ ಪಟ್ಟಿಯಲ್ಲಿ `HDMI-1` ಥರದ ಹೆಸರು ಜೀವಂತವಾಗುತ್ತೆ, ಆ್ಯಕ್ಟಿವ್ ಹಾಕಿದರೆ `DP-1` ಥರದ್ದು. ಕವರ್ ಕಳೆದುಹೋದ ಅಡಾಪ್ಟರ್ ಯಾವ ಜಾತಿ ಅಂತ ತಿಳಿಯೋಕೆ ಒಡೆದು ನೋಡಬೇಕಿಲ್ಲ.

ಫಿಸಿಕ್ಸ್ ಮೇಡಂ

`List All Modes`ನಲ್ಲಿ 1024×768 ಇತ್ತು, ಬಂತು! ಆದರೆ ಎಡಗಡೆ ಎರಡು ಬೆರಳಷ್ಟು ಕತ್ತರಿಸಿ ಹೋಗಿದೆ, ಸಣ್ಣ ಅಕ್ಷರ ನಡುಗುತ್ತೆ. ರಿಮೋಟಿನ ಆಟೋ ಒತ್ತಿದೆ, ಇನ್ನೂ ಹಾಳಾಯಿತು.

ತಂತಿಚೀಲ

ಆಟೋ ಒತ್ತಿದಾಗ ಪರದೆಯಲ್ಲಿ ಕಪ್ಪು ಹಿನ್ನೆಲೆಯ ಸ್ಲೈಡ್ ಇತ್ತಾ? ಪ್ರೊಜೆಕ್ಟರ್ ಚಿತ್ರದ ಅಂಚು ಹುಡುಕೋದು ಬೆಳಕು ನೋಡಿ. ಅಂಚೇ ಕಪ್ಪಾದರೆ ಎಲ್ಲಿ ಶುರು ಅಂತ ಅದಕ್ಕೆ ಗೊತ್ತಾಗಲ್ಲ. ಖಾಲಿ ಸ್ಪ್ರೆಡ್‌ಶೀಟ್ ಪೂರ್ತಿ ಪರದೆಗೆ ಹರಡಿ, ನಾಲ್ಕೂ ಅಂಚು ಬೆಳ್ಳಗಿರಲಿ, ಗೆರೆಗಳು ಕಾಣಲಿ. ಈಗ ಆಟೋ ಒತ್ತಿ. ಗೆರೆ ಇನ್ನೂ ನಡುಗಿದರೆ ಮೆನುವಿನಲ್ಲಿ ಫೇಸ್, ಟ್ರ್ಯಾಕಿಂಗ್ ಅಂತ ಎರಡಿರುತ್ತೆ. ಟ್ರ್ಯಾಕಿಂಗ್ ಮೊದಲು, ಪರದೆಯ ಮೇಲೆ ಅಲ್ಲಲ್ಲಿ ಮಸುಕು ಪಟ್ಟಿ ಕಾಣೋದು ಹೋಗುವ ತನಕ. ಆಮೇಲೆ ಫೇಸ್, ಒಂದೊಂದೇ ಹೆಜ್ಜೆ.

ಫಿಸಿಕ್ಸ್ ಮೇಡಂ

ಸ್ಪ್ರೆಡ್‌ಶೀಟಿನಲ್ಲಿ ಕೂತಿತು. ಹೊರಗಿನಿಂದ ಬರುವ ಉಪನ್ಯಾಸಕರು ಟೈಪ್-ಸಿ ಲ್ಯಾಪ್‌ಟಾಪ್ ತಂದರೆ? ನನ್ನ ಹತ್ರ ಟೈಪ್-ಸಿ ಇಂದ ಡಿಪಿಗೆ ಹೋಗೋದು ಇದೆ. ಮುಂದೆ ಎಚ್‌ಡಿಎಂಐ ಪ್ರೊಜೆಕ್ಟರ್ ಬಂದರೆ ಅದಕ್ಕೆ ಆ ಹಳೇ ಡಿಪಿ-ಎಚ್‌ಡಿಎಂಐ ಪ್ಯಾಸಿವ್ ತುಂಡು ಸೇರಿಸಬಹುದಾ?

ಪೆಂಗ್ವಿನ್ ಕಾಕಾ

ಬೇಡ. ಪ್ಯಾಸಿವ್ ತುಂಡಿಗೆ ಬೇಕಾದ ಎರಡು ಭಾಷೆಯ ಗುಣ ಟೈಪ್-ಸಿ ದಾರಿಯಲ್ಲಿ ಬರಲ್ಲ, ಅಲ್ಲಿ ಬರೀ ಡಿಪಿ. ಚಿತ್ರ ಬರದಿದ್ದಾಗ ಲ್ಯಾಪ್‌ಟಾಪಿನ ದೋಷ ಅಂತ ಎಲ್ಲರೂ ತಿಳಿದುಕೊಳ್ತಾರೆ. ಟೈಪ್-ಸಿ ಇಂದ ನೇರ ವಿಜಿಎ, ನೇರ ಎಚ್‌ಡಿಎಂಐ ಒಂದೊಂದು ಇಟ್ಟುಕೊಳ್ಳಿ. ಆ ಲ್ಯಾಪ್‌ಟಾಪಿನ ಟೈಪ್-ಸಿ ಬರೀ ಚಾರ್ಜಿಂಗ್ ಮತ್ತು ಫೈಲಿಗಷ್ಟೇ ಇದ್ದರೆ ಅವೂ ಸುಮ್ಮನಿರುತ್ತವೆ, ಅದಕ್ಕೆ ಅಡಾಪ್ಟರನ್ನು ಬೈಯಬೇಡಿ. ಮತ್ತೆ ಒಟಿಟಿಯಲ್ಲಿ ಸಾಕ್ಷ್ಯಚಿತ್ರ ತೋರಿಸೋಕೆ ಹೋಗಿ ಸದ್ದು ಬಂದು ಚಿತ್ರ ಕಪ್ಪಾದರೆ, ಅದು ಕಳ್ಳ ನಕಲು ತಡೆಯುವ ಬೀಗ. ವಿಜಿಎಗೆ ಆ ಬೀಗ ತೆರೆಯೋಕೆ ಬರಲ್ಲ.

ಸ್ಟೇಜ್ ಲೈಟ್

ಎಲ್ಲ ಓದಿದೆ. ನನಗನ್ನಿಸೋದು, 15 ಮೀಟರ್ ವಿಜಿಎ ಬಿಟ್ಟುಬಿಡಿ. ಅದರ ಬದಲು 15 ಮೀಟರ್ ಎಚ್‌ಡಿಎಂಐ ಕೇಬಲ್ ಗೋಡೆ ಮೇಲೆ ಪಟ್ಟಿಯಲ್ಲಿ ಎಳೆಸಿ, ವಿಜಿಎ ಮಾಡುವ ಅಡಾಪ್ಟರನ್ನು ಪ್ರೊಜೆಕ್ಟರ್ ಪಕ್ಕ ಇಡಿ. ಅನಲಾಗ್ ಬರೀ ಒಂದು ಗೇಣು ಓಡಿದರೆ ನೆರಳೂ ಇಲ್ಲ, ಇಡಿಐಡಿ ತಕರಾರೂ ಇಲ್ಲ. 1024×768ಕ್ಕೆ ಆ ಉದ್ದದ ಎಚ್‌ಡಿಎಂಐಗೆ ಅಂಥ ಹೊರೆಯೇನಲ್ಲ.

ತಂತಿಚೀಲ

ಸಿಗ್ನಲ್ಲಿಗೆ ಹೊರೆಯಲ್ಲ, ಒಪ್ಪುತ್ತೇನೆ. ಆದರೆ ಆ 5 ವೋಲ್ಟ್ ಕೂದಲೆಳೆಯಷ್ಟು ತಂತಿಯಲ್ಲಿ 15 ಮೀಟರ್ ಹೋಗುವಷ್ಟರಲ್ಲಿ ಇಳಿದಿರುತ್ತೆ, ಮೊದಲಿನ ಕಪ್ಪು ಪರದೆಯೇ ಮತ್ತೆ ಬರುತ್ತೆ. ಬಾಲ ಇರುವ ಅಡಾಪ್ಟರ್ ತಂದು ಮೇಲೆಯೇ ಕರೆಂಟ್ ಕೊಡಬೇಕು. ಅಷ್ಟು ಮಾಡೋದಾದರೆ ಇಡಿಐಡಿ ನೆನಪಿಟ್ಟುಕೊಳ್ಳುವ ಸಣ್ಣ ವಿಜಿಎ ಪ್ಲಗ್ ಒಂದನ್ನು ಅಡಾಪ್ಟರಿಗೂ ಹಳೇ ಕೇಬಲ್ಲಿಗೂ ಮಧ್ಯೆ ಹಾಕೋದು ಸುಲಭ ಅನ್ನೋದು ನನ್ನ ಲೆಕ್ಕ.

ಸ್ಟೇಜ್ ಲೈಟ್

ನಾಳೆ ಪ್ರೊಜೆಕ್ಟರ್ ಬದಲಿಸಿದಾಗ ನಿಮ್ಮ ಪ್ಲಗ್ ಕಸದ ಬುಟ್ಟಿಗೆ, ನನ್ನ ಕೇಬಲ್ ಕೆಲಸಕ್ಕೆ. ಕರೆಂಟಿಗೆ ಪ್ರೊಜೆಕ್ಟರ್ ಹಿಂದೆ ಯುಎಸ್‌ಬಿ ಇರುತ್ತಲ್ಲ?

ಫಿಸಿಕ್ಸ್ ಮೇಡಂ

ಇದೆ, ಪಕ್ಕದಲ್ಲಿ ಸರ್ವಿಸ್ ಅಂತ ಬರೆದಿದೆ. ಚೌಕಾಕಾರದ ಕಿಂಡಿ.

ತಂತಿಚೀಲ

ಚೌಕದ್ದು ಕರೆಂಟ್ ಕೊಡಲ್ಲ ಮೇಡಂ, ಕಂಪ್ಯೂಟರಿನಿಂದ ತಾನೇ ತಗೊಳ್ಳೋ ಜಾತಿ. ಪ್ರೊಜೆಕ್ಟರಿನ ಪ್ಲಗ್ ಬೋರ್ಡಿನಲ್ಲಿ ಎರಡನೇ ಸಾಕೆಟ್ ಖಾಲಿ ಇದೆಯಾ ನೋಡಿ, ಇದ್ದರೆ ಒಂದು ಫೋನ್ ಚಾರ್ಜರ್ ಸಾಕು.