ಸಹಾಯ ಬೇಕು: ಕ್ಯಾಂಟೀನ್ ವ್ಯವಸ್ಥಾಪಕರಿಗೆ ಬರೆದ ಪತ್ರವನ್ನು ತಿದ್ದಿಕೊಡಿ

ಎಲ್ಲರಿಗೂ ನಮಸ್ಕಾರ. ಕಚೇರಿಯೊಂದರ ಕ್ಯಾಂಟೀನಿಗೆ ಪ್ರತಿದಿನ ಬೆಳಿಗ್ಗೆ ಆಗತಾನೇ ಹೆಚ್ಚಿದ ಹಣ್ಣಿನ ಡಬ್ಬಿಗಳನ್ನು ಒದಗಿಸಬೇಕೆಂದಿದ್ದು, ಅಲ್ಲಿನ ವ್ಯವಸ್ಥಾಪಕರಿಗೆ ಬರೆದ ಕರಡು ಇಲ್ಲಿದೆ. ಕ್ಯಾಂಟೀನ್ ನಡೆಸಿದ ಅನುಭವವಿರುವವರು ದಯವಿಟ್ಟು ತಿದ್ದಿಕೊಡಿ.

“ಮಾನ್ಯರೇ, ಮೊದಲ ವಾರ ದಿನಕ್ಕೆ 200 ಗ್ರಾಂ ತೂಕದ 30 ಡಬ್ಬಿಗಳನ್ನು ಪ್ರಾಯೋಗಿಕವಾಗಿ ಒದಗಿಸಲು ಅನುಮತಿ ಕೋರುತ್ತೇನೆ. ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಮೂಲಕ ತಿರುಳಿಗೆ ಇಳಿಯಬಾರದೆಂಬ ಕಾರಣಕ್ಕೆ, ಇಡೀ ಹಣ್ಣನ್ನು ತೊಳೆದು ಒರೆಸಿದ ಬಳಿಕವೇ 5 ಗಂಟೆಗೆ ಹೆಚ್ಚಲು ಆರಂಭಿಸಿ, ಕೂಡಲೇ 5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಐಸ್ ಪೆಟ್ಟಿಗೆಯಲ್ಲಿ 8 ಗಂಟೆಗೆ ತಲುಪಿಸುತ್ತೇನೆ. ಡಬ್ಬಿಗಳನ್ನು ತಾವು ಫ್ರಿಜ್‌ನಲ್ಲೇ ಇಡಬೇಕಾಗುತ್ತದೆ. ಹೊರಗೆ 2 ಗಂಟೆಗಿಂತ ಹೆಚ್ಚು ಹೊತ್ತು ಉಳಿದದ್ದನ್ನು ಮಾರಬಾರದು. ಹಣ್ಣು ಹೆಚ್ಚಿದ ಸಮಯವನ್ನು ಪ್ರತಿ ಮುಚ್ಚಳದ ಮೇಲೂ ಬರೆದಿರುತ್ತೇನೆ.”

ಮನೆಯಲ್ಲಿ ಪರೀಕ್ಷಿಸಿದಾಗ ಕಲ್ಲಂಗಡಿ ಮತ್ತು ಸೇಬನ್ನು ಒಂದೇ ಡಬ್ಬಿಗೆ ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಕೆಂಪು ನೀರು ನಿಂತು, ಸೇಬಿನ ಹೋಳುಗಳು ಅದರಲ್ಲಿ ನೆನೆದು ಗರಿಗರಿ ಕಳೆದುಕೊಂಡಿದ್ದವು. ಈಗ ಕಲ್ಲಂಗಡಿಗೆ ಪ್ರತ್ಯೇಕ ಡಬ್ಬಿಯಿದೆ. ಸೇಬು ಕಂದಾಗದಂತೆ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿ, ನೀರು ಸೋಸಿ ತುಂಬುತ್ತೇನೆ. ಈ ವಿವರವನ್ನೂ ಪತ್ರದಲ್ಲಿ ಸೇರಿಸಬೇಕೇ, ಅಥವಾ ಮಾದರಿ ಡಬ್ಬಿಗಳನ್ನು ಕೊಟ್ಟು ಮಧ್ಯಾಹ್ನ ತೆರೆದು ನೋಡುವಂತೆ ವಿನಂತಿಸುವುದು ಮೇಲೇ?

ನನಗೆ ತೋಚದೇ ಇರುವುದು ಒಂದೇ: ಸಂಜೆಯವರೆಗೆ ಮಾರಾಟವಾಗದ ಡಬ್ಬಿಗಳನ್ನು ಮರುದಿನ ಮಾರಲು ನಾನು ಒಪ್ಪುವುದಿಲ್ಲ. ಆ ನಷ್ಟವನ್ನು ಇಬ್ಬರೂ ಹಂಚಿಕೊಳ್ಳೋಣವೆಂದು ಮೊದಲ ಪತ್ರದಲ್ಲೇ ಸೌಜನ್ಯದಿಂದ ಹೇಗೆ ತಿಳಿಸಲಿ?