ಹವಾಮಾನ ವರದಿಯ ‘ಡಿಪ್ರೆಶನ್’: ಖಿನ್ನತೆಯೋ, ಕುಸಿತವೋ?

ಪ್ರಶ್ನೆ (ಸುದ್ದಿ ಅನುವಾದಕಿ, ಕುಂದಾಪುರ)

ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆಯನ್ನು ಮೀನುಗಾರರಿಗಾಗಿ ಕನ್ನಡಕ್ಕೆ ತರುವುದು ನನ್ನ ಕೆಲಸ. ಮೊನ್ನೆ ಒಂದು ಕರಡಿನಲ್ಲಿ ‘ಡೀಪ್ ಡಿಪ್ರೆಶನ್’ ಎಂಬುದು ‘ಆಳವಾದ ಖಿನ್ನತೆ’ ಎಂದಾಗಿತ್ತು. ಅದು ತಪ್ಪೆಂದು ಗೊತ್ತು. ಆದರೆ ‘ವಾಯುಭಾರ ಕುಸಿತ’ ಎಂದು ತಿದ್ದಿದರೆ ಇನ್ನೊಂದು ತೊಡಕು: ಅದೇ ಪುಟದ ‘ಲೋ ಪ್ರೆಶರ್ ಏರಿಯಾ’ಕ್ಕೂ ನಮ್ಮ ಪತ್ರಿಕೆಗಳು ಅದೇ ಪದ ಬಳಸುತ್ತವೆ. ಎರಡನ್ನೂ ಬೇರೆ ಮಾಡುವುದು ಹೇಗೆ?

ಧಾರವಾಡದ ನಿವೃತ್ತ ಕನ್ನಡ ಮೇಷ್ಟ್ರು

ಮೂಲದಲ್ಲಿ ಮನಸ್ಸಿನ ಡಿಪ್ರೆಶನ್, ಹವಾಮಾನದ ಡಿಪ್ರೆಶನ್ ಎರಡೂ ಒಂದೇ ರೀ. ಲ್ಯಾಟಿನ್ನಿನ ‘ಕೆಳಕ್ಕೆ ಒತ್ತು’ ಎಂಬ ಕ್ರಿಯಾಪದದಿಂದ ಬಂದದ್ದು. ನಮ್ಮಲ್ಲೂ ಮನಸ್ಸು ಕುಗ್ಗುತ್ತದೆ, ಒತ್ತಡವೂ ಕುಗ್ಗುತ್ತದೆ. ‘ಕುಗ್ಗು’ ಎಂಬ ಒಂದೇ ಪದ ಎರಡಕ್ಕೂ ಸಾಕಲ್ಲವೇ? ಹೇಗೂ ಡಿಪ್ರೆಶನ್ ಅಂದರೆ ಮುಂದೆ ಚಂಡಮಾರುತ ಆಗುವಂಥದ್ದು.

ಹವಾಮಾನ ವೀಕ್ಷಣೆಯಲ್ಲಿ ಕೆಲಸ ಮಾಡಿದವರು, ಮಂಗಳೂರು

ಮೂಲದ ಮಾತು ಸರಿ, ಮೇಷ್ಟ್ರೇ. ಕೊನೆಯ ಮಾತು ಅರ್ಧ ಮಾತ್ರ ಸರಿ. ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಡಿಪ್ರೆಶನ್‌ಗಳು ಬಹುಪಾಲು ಚಂಡಮಾರುತವಾಗದೆಯೇ ಒಡಿಶಾದ ಕಡೆಯಿಂದ ಒಳನಾಡಿಗೆ ಸಾಗಿ ಕರಗುತ್ತವೆ.

ಇಲಾಖೆಯ ಲೆಕ್ಕದಲ್ಲಿ ಡಿಪ್ರೆಶನ್ ಒಂದು ದರ್ಜೆ. ಆ ದರ್ಜೆ ನಿಂತಿರುವುದು ಗಾಳಿಯ ವೇಗದ ಮೇಲೆ, ಮಳೆಯ ಮೇಲಲ್ಲ. ಕೇಂದ್ರದ ಸುತ್ತ ಬೀಸುವ ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟುವವರೆಗೆ ಅದು ಬರೀ ಲೋ ಪ್ರೆಶರ್ ಏರಿಯಾ. 31ರಿಂದ 49ರವರೆಗೆ ಡಿಪ್ರೆಶನ್, 50ರಿಂದ 61 ಡೀಪ್ ಡಿಪ್ರೆಶನ್, 62 ಆದರೆ ಚಂಡಮಾರುತ, ಹೆಸರಿಡುವುದೂ ಆಗಲೇ. ಮೇಡಂ, ನಿಮ್ಮ ಓದುಗರು ದೋಣಿ ಇಳಿಸುವವರು. ಮೊದಲ ಎರಡು ದರ್ಜೆಗೆ ಒಂದೇ ಪದ ಹಾಕಿದರೆ ಅವರಿಗೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತದೆ.

2024ರ ಫೆಂಗಲ್ ನೋಡಿ. ನವೆಂಬರ್ 25ಕ್ಕೆ ಡಿಪ್ರೆಶನ್, ಮರುದಿನ ಡೀಪ್ ಡಿಪ್ರೆಶನ್. ಅಲ್ಲೇ ದಿನಗಟ್ಟಲೆ ಉಳಿದು 29ಕ್ಕೆ ಚಂಡಮಾರುತವಾಯಿತು. 30ರ ರಾತ್ರಿ ಪುದುಚೇರಿ ಬಳಿ ದಡ ದಾಟಿತು. ಆಮೇಲೆ ಅದೇ ಮೆಟ್ಟಿಲು ಇಳಿಯಿತು: ಡೀಪ್ ಡಿಪ್ರೆಶನ್, ಡಿಪ್ರೆಶನ್, ಕೊನೆಗೆ ಲೋ ಪ್ರೆಶರ್. ಆ ಕೊನೆಯ ದರ್ಜೆಯಲ್ಲಿ ಒಳನಾಡು ದಾಟಿ ಡಿಸೆಂಬರ್ ಮೊದಲ ವಾರ ನಮ್ಮ ಕರಾವಳಿಗೆ ಬಂದು ಜೋರು ಮಳೆ ಸುರಿಸಿತು. ‘ದುರ್ಬಲಗೊಂಡು ವಾಯುಭಾರ ಕುಸಿತವಾಯಿತು’ ಎಂದು ಓದಿದವರು ಕುಸಿತ ಈಗ ಶುರುವಾಯಿತೇನೋ ಅಂದುಕೊಳ್ಳುತ್ತಾರೆ. ಹಾಗಲ್ಲ, ಗಾಳಿ ಇಳಿದಿದೆ ಎಂದಷ್ಟೇ ಅರ್ಥ. ಮಳೆ ಇಳಿದಿದೆ ಎಂದೂ ಅಲ್ಲ.

ಹಾಸನದಿಂದ ಒಬ್ಬರು

ನಮ್ಮ ತಂದೆಯವರ ಇಸಿಜಿ ವರದಿಯಲ್ಲಿ ‘ಎಸ್‌ಟಿ ಡಿಪ್ರೆಶನ್’ ಎಂದಿದೆ. ಅವರು ಗೆಲುವಾಗೇ ಇದ್ದಾರೆ. ಇದೂ ಖಿನ್ನತೆಯಲ್ಲ ಅಂತಲೇ?

ಮಂಗಳೂರು

ಅಲ್ಲ ಸಾರ್. ಇಸಿಜಿ ಗೆರೆಯ ಒಂದು ಭಾಗ ಇರಬೇಕಾದ ಮಟ್ಟಕ್ಕಿಂತ ಕೆಳಗಿದೆ ಎಂದು ಅದರರ್ಥ. ಮನಸ್ಸಿಗೆ ಸಂಬಂಧವಿಲ್ಲ, ಹೃದಯಕ್ಕೆ ಇರಬಹುದು. ಆದ್ದರಿಂದ ವರದಿಯನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ.

ಅನುವಾದಕಿ

ಈ ಮೂರನೆಯ ಅರ್ಥದಿಂದ ನನಗೊಂದು ಗುರುತು ಸಿಕ್ಕಿತು. ಖಿನ್ನತೆಗೆ ಒಬ್ಬ ಮನುಷ್ಯ ಬೇಕು: ಯಾರಿಗೋ ಖಿನ್ನತೆ ಬರುತ್ತದೆ, ಯಾರೋ ಅದರಿಂದ ಬಳಲುತ್ತಾರೆ. ಹವಾಮಾನದ ಡಿಪ್ರೆಶನ್‌ಗೆ ಊರು ಬೇಕು, ದಿಕ್ಕು ಬೇಕು: ‘ಚೆನ್ನೈನಿಂದ ಇಷ್ಟು ಕಿ.ಮೀ. ಆಗ್ನೇಯಕ್ಕೆ ಕೇಂದ್ರೀಕೃತ’, ‘ವಾಯವ್ಯಕ್ಕೆ ಚಲಿಸಿದೆ’. ಅದನ್ನು ಎಣಿಸಲೂ ಬಹುದು. ಇಲ್ಲೇ ನನಗೆ ‘ಕುಸಿತ’ವೂ ಒಗ್ಗುತ್ತಿಲ್ಲ. ಕುಸಿತವೆಂದರೆ ಕುಸಿಯುವ ಕ್ರಿಯೆ. ಅದು ವಾಯವ್ಯಕ್ಕೆ ನಡೆಯುವುದು ಹೇಗೆ?

ಬಳ್ಳಾರಿಯ ಉಪಸಂಪಾದಕರು

ನೆರೆಯವರು ಇದನ್ನು ಬಿಡಿಸಿಕೊಂಡಿದ್ದಾರೆ. ತೆಲುಗಿನಲ್ಲಿ ಲೋ ಪ್ರೆಶರ್ ‘ಅಲ್ಪಪೀಡನಂ’, ಡಿಪ್ರೆಶನ್ ‘ವಾಯುಗುಂಡಂ’. ತಮಿಳರು ಒಂದೇ ಪದದ ಕೊನೆಗೆ ಮೊದಲನೆಯದಕ್ಕೆ ‘ಪಗುದಿ’, ಎರಡನೆಯದಕ್ಕೆ ‘ಮಂಡಲಂ’ ಸೇರಿಸುತ್ತಾರೆ. ಎರಡೂ ಭಾಷೆಯಲ್ಲಿ ಡಿಪ್ರೆಶನ್ ಒಂದು ವಸ್ತು, ಹಾಗಾಗಿ ಅದು ಚಲಿಸಿದರೆ ಕಿವಿಗೆ ಕಿರಿಕಿರಿಯಿಲ್ಲ. ನಾನಾದರೆ ಮೊದಲನೆಯದನ್ನು ‘ಕಡಿಮೆ ಒತ್ತಡದ ಪ್ರದೇಶ’ ಎಂದು ಬರೆದು, ‘ವಾಯುಭಾರ ಕುಸಿತ’ವನ್ನು ಡಿಪ್ರೆಶನ್‌ಗೆ ಮಾತ್ರ ಮೀಸಲಿಡುತ್ತೇನೆ. ಓದುಗರಿಗೆ ರೂಢಿಯಾದ ಪದ, ಬಿಡುವುದು ಬೇಡ.

ಧಾರವಾಡ

ಒಪ್ಪಿದೆ, ‘ಕುಗ್ಗು’ ವಾಪಸ್. ಹಾಗಾದರೆ ಡೀಪ್ ಡಿಪ್ರೆಶನ್? ‘ಆಳ’ ಎಂದರೆ ಸಮುದ್ರದ ಆಳ ಅನ್ನಿಸೀತು.

ಮಂಗಳೂರು

‘ತೀವ್ರ ವಾಯುಭಾರ ಕುಸಿತ’ ಎಂದು ಬರೆಯುವವರಿದ್ದಾರೆ. ತೊಂದರೆಯೆಂದರೆ, ಗಾಳಿ 89 ದಾಟಿದ ಚಂಡಮಾರುತಕ್ಕೂ ‘ತೀವ್ರ’ ಎಂದೇ ಹೇಳಬೇಕಾಗುತ್ತದೆ. ಅವಸರದಲ್ಲಿ ‘ತೀವ್ರ’ ಮಾತ್ರ ಕಿವಿಗೆ ಬಿದ್ದರೆ ಎರಡೂ ಒಂದೇ.

ಅನುವಾದಕಿ

ಇವತ್ತಿನ ಪ್ರಕಟಣೆಗೆ ‘ತೀವ್ರ ವಾಯುಭಾರ ಕುಸಿತ, ಗಾಳಿ ಗಂಟೆಗೆ 50ರಿಂದ 60 ಕಿ.ಮೀ.’ ಎಂದು ಅಂಕಿಯನ್ನು ಜೊತೆಗೇ ಹಾಕುತ್ತೇನೆ. ‘ತೀವ್ರ’ಕ್ಕಿಂತ ಒಳ್ಳೆಯ ಪದ ಹೊಳೆದವರು ಬರೆಯಿರಿ.