ಐದು ಕಾಲಂ ಟೇಬಲ್: ಕನ್ನಡ ಪದ ನಡುವೆ ಒಡೆಯುತ್ತೆ, ಒತ್ತಕ್ಷರ ಕತ್ತರಿಸಿ ಹೋಗುತ್ತೆ

ತಾರಸಿತೋಟ
ಜಯನಗರದ ನಮ್ಮ ತಾರಸಿ ತೋಟದ ಗುಂಪಿಗೆ ಗಿಡರೋಗಗಳ ಒಂದು ಹಾಳೆ ಮಾಡುತ್ತಿದ್ದೇನೆ. ವರ್ಡ್, ಎ4, 12 ಪಾಯಿಂಟ್. ಸಂಖ್ಯೆ, ಗಿಡ, ಲಕ್ಷಣ, ಕಾರಣ, ಪರಿಹಾರ ಎಂದು ಐದು ಕಾಲಂ, ಎಲ್ಲವೂ 36 ಮಿ.ಮೀ. ಪ್ರಿಂಟ್ ತೆಗೆದರೆ ಮೆಣಸಿನ ಗಿಡದ ಸಾಲಿನಲ್ಲಿ ‘ಮುದುಡಿಕೊಂಡಿರುತ್ತವೆ’ ಎರಡು ತುಂಡಾಗಿದೆ. ಪದಗಳ ನಡುವೆ ದೊಡ್ಡ ದೊಡ್ಡ ಜಾಗ. ಒತ್ತಕ್ಷರದ ಕೆಳಭಾಗವೂ ಕಾಣುತ್ತಿಲ್ಲ. ವಯಸ್ಸಾದವರು ಓದುವ ಹಾಳೆ ಇದು.

ವಿಜಯನಗರಹುಡುಗ
ಫಾಂಟ್ 9ಕ್ಕೆ ಇಳಿಸಿ. `Justify` ತೆಗೆದು ಎಡಕ್ಕೆ ಜೋಡಿಸಿ. ಇನ್ನೂ ಒಡೆದರೆ ಸುಮ್ನೆ ಎಂಟರ್ ಒತ್ತಿ.

ಅಚ್ಚುಮೊಳೆ
ಎಡಕ್ಕೆ ಜೋಡಿಸುವುದು ಸರಿ. ಚಿಕ್ಕ ಕಾಲಂನಲ್ಲಿ ಸಾಲಿಗೆ ಎರಡೇ ಪದ ಹಿಡಿಯುತ್ತವೆ, ಉಳಿದ ಜಾಗವೆಲ್ಲ ಅವುಗಳ ನಡುವೆ ಹೋಗುತ್ತದೆ. ಆದರೆ 9 ಪಾಯಿಂಟ್ ಬೇಡ, ಹಿರಿಯರು ಓದಬೇಕಲ್ವಾ? ಎಂಟರ್ ಕೂಡ ಬೇಡ. ನಾಳೆ ಅಗಲ ಬದಲಿಸಿದರೆ ಸಾಲುಗಳೆಲ್ಲ ಅಡ್ಡಾದಿಡ್ಡಿ ಆಗುತ್ತವೆ.

ಪ್ರತಿ ಕಾಲಂನ ಅತಿ ಉದ್ದದ ಪದವನ್ನು ಪ್ರಿಂಟ್ ತೆಗೆದು ಸ್ಕೇಲ್‌ನಲ್ಲಿ ಅಳೆಯಿರಿ. ಅದಕ್ಕೆ 4 ಮಿ.ಮೀ. ಸೇರಿಸಿ. ಸೆಲ್‌ನ ಎಡಬಲ ಅಂಚಿಗೆ ವರ್ಡ್ ಅಷ್ಟು ಜಾಗ ಹಿಡಿದಿಡುತ್ತದೆ. ಅದಕ್ಕಿಂತ ಕಾಲಂ ಕಿರಿದಾದರೆ ಪದ ಒಡೆಯಲೇಬೇಕು. ಉಳಿದ ಅಗಲವನ್ನು ಜಾಸ್ತಿ ಬರಹ ಇರುವ ಕಾಲಂಗೆ ಕೊಡಿ. `Automatically resize to fit contents` ಗುರುತು ತೆಗೆಯಿರಿ, ಇಲ್ಲದಿದ್ದರೆ ನೀವು ಕೊಟ್ಟ ಅಗಲ ನಿಲ್ಲುವುದಿಲ್ಲ.

ಒತ್ತಕ್ಷರದ ಬಗ್ಗೆ ಒಂದು ಪ್ರಶ್ನೆ. ಎಲ್ಲ ಸಾಲಿನಲ್ಲೂ ಕತ್ತರಿಸುತ್ತಿದೆಯಾ, ಸೆಲ್‌ನ ಕೊನೆಯ ಸಾಲಿನಲ್ಲಿ ಮಾತ್ರವಾ?

ಲೆಕ್ಕದಪುಸ್ತಕ
ನನಗೂ ಇದೇ ತೊಂದರೆ, ಆದರೆ ಎಕ್ಸೆಲ್‌ನಲ್ಲಿ. `Wrap Text` ಹಾಕಿದರೂ ಸಾಲಿನ ಎತ್ತರ ಬೆಳೆಯುವುದಿಲ್ಲ. ಸೆಲ್‌ಗಳನ್ನು ಮರ್ಜ್ ಮಾಡಿದ್ದೇನೆ.

ಅಚ್ಚುಮೊಳೆ
ಮರ್ಜ್ ಮಾಡಿದ ಸೆಲ್‌ಗೆ ಎಕ್ಸೆಲ್ ತಾನಾಗಿ ಎತ್ತರ ಕೊಡುವುದಿಲ್ಲ. ಮರ್ಜ್ ಬಿಡಿಸಿ, ಇಲ್ಲವೇ ಎತ್ತರವನ್ನು ಕೈಯಲ್ಲೇ ಎಳೆಯಿರಿ.

ತಾರಸಿತೋಟ
ಎಲ್ಲ ಸಾಲಿನಲ್ಲೂ ಕತ್ತರಿಸುತ್ತಿದೆ.

ಅಚ್ಚುಮೊಳೆ
ಹಾಗಾದರೆ `Line spacing` `Exactly` 12 ಎಂದು ಇರಬೇಕು. ಇಂಗ್ಲಿಷ್‌ಗೆ ಅದು ಹೇಗೋ ಸಾಲುತ್ತದೆ. ನಮ್ಮ ಒತ್ತು ಅಕ್ಷರದ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. `Multiple` 1.15 ಮಾಡಿ. ಕೊನೆಯ ಸಾಲು ಮಾತ್ರ ಹೋಗಿದ್ದರೆ ಅದು ಟೇಬಲ್‌ನ ಅಡ್ಡಸಾಲಿನ ಎತ್ತರದ ತಪ್ಪು. ಅಲ್ಲಿ `Exactly` ಬದಲು `At least` ಹಾಕಬೇಕಿತ್ತು.

ತಾರಸಿತೋಟ
ಅದೇ ಆಗಿತ್ತು, ಈಗ ಒತ್ತು ಪೂರ್ತಿ ಕಾಣುತ್ತಿದೆ! ‘ಮುದುಡಿಕೊಂಡಿರುತ್ತವೆ’ ಅಳತೆಗೆ ಸುಮಾರು 36 ಮಿ.ಮೀ. ಬಂತು. ಅದಕ್ಕೇ ಒಡೆಯುತ್ತಿತ್ತು. ಈಗ 12, 28, 50, 30, 60 ಎಂದು ಹಂಚಿದ್ದೇನೆ. ಒಟ್ಟು ಅದೇ 180. ಮೊದಲ ಕಾಲಂನ ತಲೆಬರಹ ‘ಸಂ.’ ಮಾಡಿದೆ. ‘ಕಾರಣ’ದಲ್ಲಿ ಒಂದೆರಡು ಪದ ಇನ್ನೂ ಒಡೆಯುತ್ತಿವೆ.

ವಿಜಯನಗರಹುಡುಗ
ಪದದೊಳಗೆ `Ctrl+-` ಒತ್ತಿ. ಸಾಲಿನ ಕೊನೆ ಬಂದಾಗ ಮಾತ್ರ ಅಡ್ಡಗೆರೆ ಕಾಣುತ್ತದೆ.

ಅಚ್ಚುಮೊಳೆ
ಆಗುತ್ತದೆ, ಆದರೆ ಎರಡು ಪದ ಸೇರಿದ ಕಡೆ ಮಾತ್ರ ಹಾಕಿ. ನನಗಂತೂ ಆ ಗೆರೆ ಇಷ್ಟವಿಲ್ಲ. ಪದವನ್ನೇ ಬಿಡಿಸಿ ಬರೆಯುತ್ತೇನೆ.

ವಿಜಯನಗರಹುಡುಗ
ಬಿಡಿಸಿದರೆ ಕೆಲವು ಕಡೆ ಅರ್ಥವೇ ಬದಲಾಗುತ್ತೆ. ಗೆರೆಯೇ ವಾಸಿ.

ತಾರಸಿತೋಟ
ಎರಡನ್ನೂ ಪ್ರಿಂಟ್ ತೆಗೆದು ಅಮ್ಮನ ಹತ್ತಿರ ಓದಿಸಿ ನೋಡುತ್ತೇನೆ.